ಸ್ಲೀಪ್ ಸ್ಟೇಟ್: ಮುಚ್ಚಿದ ಲ್ಯಾಪ್‌ಟಾಪ್ ಏಳದಿದ್ದರೆ ಎಲ್ಲಿ ನೋಡಬೇಕು

ಲ್ಯಾಪ್‌ಟಾಪ್ ಮುಚ್ಚಿದಾಗ ಅದು ನಿದ್ರೆಗೆ ಜಾರುತ್ತದೆ ಎನ್ನುತ್ತೇವೆ. ಆದರೆ ಆ ನಿದ್ರೆಯಲ್ಲೂ ಬಗೆಗಳಿವೆ. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸೇರಿ ಹೊರತಂದ ಎಸಿಪಿಐ ಎಂಬ ನಿಯಮಾವಳಿ ಪೂರ್ತಿ ಎಚ್ಚರದ S0ಯಿಂದ ಪೂರ್ತಿ ಆರಿದ S5ರವರೆಗೆ ಯಂತ್ರದ ಸ್ಥಿತಿಗಳಿಗೆ ಹೆಸರಿಟ್ಟಿತು. ಇವುಗಳ ನಡುವಿನವೇ ಸ್ಲೀಪ್ ಸ್ಟೇಟ್‌ಗಳು. ಹಳೆಯ ಲ್ಯಾಪ್‌ಟಾಪ್‌ಗಳು ಬಳಸುತ್ತಿದ್ದುದು S3: ಪ್ರೊಸೆಸರ್‌ಗೆ ಕರೆಂಟ್ ನಿಂತು, ರ್‍ಯಾಮ್ ಮಾತ್ರ ಜೀವ ಹಿಡಿದುಕೊಂಡಿರುತ್ತದೆ. ಈಚಿನ ಬಹುತೇಕ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ S3 ಇಲ್ಲ. ಅದರ ಜಾಗದಲ್ಲಿ ಮಾಡರ್ನ್ ಸ್ಟ್ಯಾಂಡ್‌ಬೈ ಬಂದಿದೆ. ಇದರಲ್ಲಿ ಯಂತ್ರ ಲೆಕ್ಕಕ್ಕೆ S0ಯಲ್ಲೇ, ಅಂದರೆ ಎಚ್ಚರದಲ್ಲೇ ಇರುತ್ತದೆ. ಸಾಧನಗಳನ್ನು ನಡೆಸುವ ತಂತ್ರಾಂಶಗಳಾದ ಡ್ರೈವರ್‌ಗಳಲ್ಲಿ ಒಂದೊಂದೂ ತನ್ನ ಸಾಧನವನ್ನು ತಾನೇ ಮಲಗಿಸಿ, ತಾನೇ ಎಬ್ಬಿಸಬೇಕು. ಒಂದು ಡ್ರೈವರ್ ಕೈಕೊಟ್ಟರೂ ಇಡೀ ಯಂತ್ರ ನಿಂತುಬಿಡಬಹುದು.

ನಿಮ್ಮದು ಯಾವ ಬಗೆ ಎಂದು ತಿಳಿಯಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೀಗೆ ಬರೆಯಿರಿ:

```
powercfg /a
```

`Standby (S0 Low Power Idle)` ಲಭ್ಯವಿರುವವುಗಳ ಪಟ್ಟಿಯಲ್ಲಿದ್ದರೆ ಮಾಡರ್ನ್ ಸ್ಟ್ಯಾಂಡ್‌ಬೈ. `Standby (S3)` ಇದ್ದರೆ ಹಳೆಯ ಬಗೆ.

ಇನ್ನು, ತೆರೆದಾಗ ಪರದೆ ಕಪ್ಪಗಿದೆ ಎಂದಮಾತ್ರಕ್ಕೆ ಲ್ಯಾಪ್‌ಟಾಪ್ ಎದ್ದಿಲ್ಲ ಎನ್ನಲಾಗದು. ಮೊದಲು ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಎದ್ದಿದೆ, ಬಾರದಿರುವುದು ಚಿತ್ರ ಮಾತ್ರ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮರುಚಾಲನೆಗೊಳ್ಳುತ್ತದೆ. ಪರದೆ ಬಂತೆಂದರೆ ದೋಷ ಆ ಡ್ರೈವರ್‌ನ ಸುತ್ತಲೇ ಇದೆ. ದೀಪವೂ ಕದಲದಿದ್ದರೆ ಮಾತು ಬೇರೆ.

ದೀಪ ಕದಲದ ಒಂದು ಪ್ರಕರಣ ನೋಡೋಣ. ಪರಿಚಿತರೊಬ್ಬರ ಲ್ಯಾಪ್‌ಟಾಪ್ ಮುಚ್ಚಿಟ್ಟು ಗಂಟೆ ಕಳೆದ ಮೇಲೆ ತೆರೆದರೆ ಏಳುತ್ತಿರಲಿಲ್ಲ. ಪವರ್ ಗುಂಡಿಯನ್ನು ಒತ್ತಿ ಹಿಡಿದು ಆರಿಸಿ, ಮತ್ತೆ ಹಚ್ಚುವುದೇ ರೂಢಿಯಾಗಿತ್ತು. ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ಲಾಗ್ ತೆರೆದರೆ ಕರ್ನಲ್-ಪವರ್ ಹೆಸರಿನಲ್ಲಿ 506 ಸಂಖ್ಯೆಯ ದಾಖಲೆ ಸಿಕ್ಕಿತು. ಮಾಡರ್ನ್ ಸ್ಟ್ಯಾಂಡ್‌ಬೈಗೆ ಹೋದದ್ದಕ್ಕೆ ಅದು ಸಾಕ್ಷಿ. ಹೊರಬಂದಾಗ ಬರಬೇಕಾದ 507 ಇರಲಿಲ್ಲ. ಅದರ ಬದಲು 41 ಇತ್ತು: ಸರಿಯಾಗಿ ಮುಚ್ಚದೆ ಯಂತ್ರ ಮರುಚಾಲನೆಯಾಗಿದೆ ಎಂದು ಮುಂದಿನ ಸಲ ಹಚ್ಚಿದಾಗ ಬರೆದದ್ದು. ಎಂದರೆ ಮಲಗುವುದರಲ್ಲಿ ತಕರಾರಿಲ್ಲ, ಹೊರಗೆ ಬರುವಷ್ಟರಲ್ಲಿ ಸಿಕ್ಕಿಬಿದ್ದಿದೆ.

ಈ 41ರ ವಿವರಗಳಲ್ಲಿ `BugcheckCode` ಎಂಬ ಸಾಲು ಇರುತ್ತದೆ. ಅವರದ್ದರಲ್ಲಿ ಪ್ರತಿ ಸಲವೂ 0. ವಿಂಡೋಸ್ ತಾನಾಗಿ ಕುಸಿದಿರಲಿಲ್ಲ, ಅದಕ್ಕೆ ಮೊದಲೇ ಗುಂಡಿ ಒತ್ತಿ ಆರಿಸಲಾಗಿತ್ತು. ಇಲ್ಲಿ ತಾಳ್ಮೆಯೇ ಪರೀಕ್ಷೆ. ಮಲಗುವ ಅಥವಾ ಏಳುವ ಆದೇಶಕ್ಕೆ ಡ್ರೈವರ್ ಉತ್ತರಿಸದಿದ್ದರೆ ವಿಂಡೋಸ್ ಹತ್ತು ನಿಮಿಷದವರೆಗೂ ಕಾದು, ಆಮೇಲೆ `DRIVER_POWER_STATE_FAILURE` ಎಂಬ ದೋಷ ಕೊಟ್ಟು ನಿಲ್ಲುತ್ತದೆ. ಎರಡೇ ನಿಮಿಷಕ್ಕೆ ಗುಂಡಿ ಒತ್ತಿದರೆ ಆ ಸಾಕ್ಷ್ಯ ಹುಟ್ಟುವುದೇ ಇಲ್ಲ. ಹಾಗಾಗಿ ಮುಂದಿನ ಸಲ ಕಾಲು ಗಂಟೆ ಮುಟ್ಟದೆ ಬಿಡಿ ಎಂದು ಹೇಳಿದೆ. ಯಂತ್ರ ತಾನೇ ಮರುಚಾಲನೆಯಾಯಿತು, 41ರಲ್ಲಿ ಈ ಸಲ 159 ಬಂತು. ಹೆಕ್ಸ್‌ನಲ್ಲಿ ಅದೇ 0x9F, ಆ ದೋಷದ ಸಂಖ್ಯೆ. `C:\Windows\Minidump` ಒಳಗೆ ಕುಸಿದ ಹೊತ್ತಿನ ಸ್ಥಿತಿಯನ್ನು ಹಿಡಿದಿಟ್ಟ ಒಂದು ಡಂಪ್ ಫೈಲೂ ಸಿಕ್ಕಿತು. ಅದನ್ನು ಮೈಕ್ರೋಸಾಫ್ಟ್‌ನ ದೋಷ ಹುಡುಕುವ ತಂತ್ರಾಂಶ ವಿನ್‌ಡಿಬಿಜಿಯಲ್ಲಿ ತೆರೆದು ಹೀಗೆ ಕೇಳಬೇಕು:

```
!analyze -v
```

ಕೊನೆಯಲ್ಲಿ `IMAGE_NAME` ಎದುರು ಅವರ ವೈ-ಫೈ ಡ್ರೈವರ್‌ನ ಫೈಲ್ ಹೆಸರಿತ್ತು. ಈ ಹೆಸರು ಬಲವಾದ ಸುಳಿವು, ತೀರ್ಪಲ್ಲ. ಒಂದು ಡ್ರೈವರ್ ಇನ್ನೊಂದಕ್ಕಾಗಿ ಕಾಯುತ್ತಾ ನಿಂತಿರಲೂಬಹುದು. ಅದಕ್ಕೇ ಡಿವೈಸ್ ಮ್ಯಾನೇಜರ್‌ನಲ್ಲಿ ವೈ-ಫೈ ಅಡಾಪ್ಟರನ್ನು ಡಿಸೇಬಲ್ ಮಾಡಿ ಎರಡು ರಾತ್ರಿ ಮುಚ್ಚಿಡಿಸಿದೆ. ಎರಡೂ ಬೆಳಗ್ಗೆ ಎದ್ದಿತು. ಆಮೇಲಷ್ಟೇ ಅಡಾಪ್ಟರ್‌ನ ಡ್ರೈವರ್ ಟ್ಯಾಬ್‌ನಲ್ಲಿ `Roll Back Driver` ಒತ್ತಿ ಹಿಂದಿನ ಆವೃತ್ತಿಗೆ ಮರಳಿದ್ದು. ಆ ಗುಂಡಿ ಮಂಕಾಗಿದ್ದರೆ ಹಳೆಯ ಆವೃತ್ತಿ ಯಂತ್ರದಲ್ಲಿ ಉಳಿದಿಲ್ಲ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ನಿಮ್ಮ ಮಾದರಿಗೆಂದೇ ಇರುವ ಡ್ರೈವರ್ ತಂದು ಹಾಕಬೇಕು.

ಡ್ರೈವರ್ ಸಿಗುವವರೆಗೆ ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ `Hibernate` ಆಗುವಂತೆ ಮಾಡಿಕೊಳ್ಳಬಹುದು. ಆಗ ರ್‍ಯಾಮಿನಲ್ಲಿರುವುದೆಲ್ಲ ಡಿಸ್ಕಿಗೆ ಬರೆದು ಯಂತ್ರ ಪೂರ್ತಿ ಆರುತ್ತದೆ. ಏಳುವುದು ತುಸು ನಿಧಾನ, ಆದರೆ ಅರ್ಧ ಬರೆದ ಕೆಲಸ ಹಾಳಾಗುವುದಿಲ್ಲ. ರಿಜಿಸ್ಟ್ರಿ ತಿದ್ದಿ ಮಾಡರ್ನ್ ಸ್ಟ್ಯಾಂಡ್‌ಬೈಯನ್ನೇ ತೆಗೆದು S3 ತರಿಸುವ ಉಪಾಯವನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಫರ್ಮ್‌ವೇರ್‌ನಲ್ಲಿ S3ಗೆ ಬೆಂಬಲವಿಲ್ಲದಿದ್ದರೆ ಸ್ಲೀಪ್ ಆಯ್ಕೆಯೇ ಮಾಯವಾಗುತ್ತದೆ. ಅರೆಬರೆ ಇದ್ದರೆ ಏಳದಿರುವ ರೋಗಕ್ಕೆ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ.

ಡ್ರೈವರ್ ಬದಲಿಸಿದ ಮೇಲೂ ಕೆಲವು ದಿನ ಲಾಗ್ ನೋಡುತ್ತಿರಿ. ಪ್ರತಿ 506ರ ನಂತರ 507 ಬರುತ್ತಿರಬೇಕು. ವಿಂಡೋಸ್ ಅಪ್‌ಡೇಟ್ ಸದ್ದಿಲ್ಲದೆ ಹೊಸ ಆವೃತ್ತಿಯನ್ನೇ ಮರಳಿ ಹಾಕಿದರೆ ಈ ಜೋಡಿ ಮತ್ತೆ ತಪ್ಪುತ್ತದೆ. ಆದ್ದರಿಂದ ಕೆಲಸ ಕೊಟ್ಟ ಡ್ರೈವರ್‌ನ ಆವೃತ್ತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.