ಅವಧಿ ಮುಗಿದ ಮೇಲೆ ಪಡೆದ ಒಂದು ತಿಂಗಳ ಬಾಡಿಗೆ

ಹನ್ನೊಂದು ತಿಂಗಳ ಬಾಡಿಗೆ ಕರಾರು. 2023ರ ಜುಲೈ 1ಕ್ಕೆ ಶುರು, 2024ರ ಮೇ 31ಕ್ಕೆ ಮುಕ್ತಾಯ ಅಂತ ಪತ್ರದಲ್ಲೇ ಬರೆದಿದೆ. ಮೇ 31 ಬಂತು, ಹೋಯಿತು. ಬಾಡಿಗೆದಾರ ಮನೆ ಬಿಡಲಿಲ್ಲ. ಮಾಲೀಕ ಬಿಡಿ ಅಂತ ಕೇಳಲೂ ಇಲ್ಲ. ಜುಲೈ ಮೊದಲ ವಾರ ಬಾಡಿಗೆದಾರ ಎಂದಿನಂತೆ ಹಣ ಕೊಟ್ಟ. ಮಾಲೀಕ ಎಂದಿನಂತೆ ರಸೀದಿ ಪುಸ್ತಕ ತೆಗೆದು, "ಜೂನ್ ತಿಂಗಳ ಬಾಡಿಗೆ ಬಂದಿದೆ" ಅಂತ ಬರೆದು ಸಹಿ ಹಾಕಿದ.

ಅಷ್ಟೇ ನಡೆದದ್ದು. ಆದರೆ ಕಾನೂನಿನ ಕಣ್ಣಲ್ಲಿ ಆ ರಸೀದಿ ದೊಡ್ಡ ಸಂಗತಿ. ಆ ಒಂದು ಸಾಲು ಅವರಿಬ್ಬರ ನಡುವೆ ಹೊಸದೊಂದು ಬಾಡಿಗೆ ಸಂಬಂಧವನ್ನೇ ಹುಟ್ಟಿಸಿರಬಹುದು.

ಇಂಥ ಹೊತ್ತಲ್ಲಿ ಜನ ಎರಡು ರೀತಿ ತಪ್ಪು ತಿಳಿಯುತ್ತಾರೆ. ಬಾಡಿಗೆದಾರ, "ನಂಗೆ ಇನ್ನೂ ಹನ್ನೊಂದು ತಿಂಗಳು ಸಿಕ್ತು" ಅಂದುಕೊಳ್ಳುತ್ತಾನೆ. ಮಾಲೀಕ, "ಕರಾರೇ ಇಲ್ಲ, ನಾಳೆ ಬೆಳಿಗ್ಗೆ ಬೀಗ ಹಾಕ್ಬಹುದು" ಅಂದುಕೊಳ್ಳುತ್ತಾನೆ. ಎರಡೂ ನಿಜವಲ್ಲ. ಮನೆಯ ವಿಷಯದಲ್ಲಿ ಇಲ್ಲಿ ಹುಟ್ಟುವುದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 116ನೇ ಕಲಂ ಹೇಳುವುದು ಇದನ್ನೇ. ವಕೀಲರು ಇದನ್ನು 'ಹೋಲ್ಡಿಂಗ್ ಓವರ್' ಅನ್ನುತ್ತಾರೆ.

ಆದರೆ ತಿಂಗಳೇ ಯಾಕೆ? ಇದಕ್ಕೆ ಉತ್ತರ ಸಿಗಬೇಕಾದರೆ ಹೊಲಕ್ಕೆ ಹೋಗಬೇಕು.

ಈ ವಿಚಾರ ನಮ್ಮ ಕಾಯ್ದೆಗೆ ಬಂದದ್ದು ಇಂಗ್ಲೆಂಡಿನಿಂದ. ಗೇಣಿಯ ಅವಧಿ ಮುಗಿದ ಮೇಲೂ ರೈತ ಹೊಲದಲ್ಲೇ ಉಳಿದ, ಒಡೆಯ ಗೇಣಿ ತೆಗೆದುಕೊಂಡ ಅಂದರೆ ಅಲ್ಲಿನ ನ್ಯಾಯಾಲಯಗಳು ಅದನ್ನು ವರ್ಷದಿಂದ ವರ್ಷಕ್ಕೆ ಸಾಗುವ ಗೇಣಿ ಅಂತ ಎಣಿಸತೊಡಗಿದವು. ಕಾರಣ ಸರಳ. ಬಿತ್ತಿದವನಿಗೆ ಕೊಯ್ಯುವ ತನಕ ಸಮಯ ಬೇಕು. ಹಾಗಾಗಿ ಬಿಡಿಸಬೇಕಾದರೆ ಅರ್ಧ ವರ್ಷ ಮುಂಚೆ ನೋಟಿಸ್ ಕೊಡಬೇಕಿತ್ತು. 1786ರ ಒಂದು ಮೊಕದ್ದಮೆಯಲ್ಲಿ, ಇದು ಹೊಲಕ್ಕೆ ಸರಿ, ಮನೆಗೂ ಯಾಕೆ ಅನ್ನುವ ಪ್ರಶ್ನೆ ಎದ್ದಿತು. ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ನೋಟಿಸಿನ ವಿಷಯದಲ್ಲಿ ಹೊಲ, ಮನೆ ಅಂತ ಭೇದ ಮಾಡಲು ಒಪ್ಪಲಿಲ್ಲ.

ನಮ್ಮ 1882ರ ಕಾಯ್ದೆ ಇಲ್ಲಿ ಬೇರೆ ದಾರಿ ಹಿಡಿಯಿತು. ಜಾಗ ಯಾವ ಕೆಲಸಕ್ಕೆ ಕೊಟ್ಟದ್ದು ಅಂತ ನೋಡಿತು. ಬೇಸಾಯಕ್ಕೋ ವಸ್ತು ತಯಾರಿಕೆಗೋ ಕೊಟ್ಟಿದ್ದರೆ ವರ್ಷದ ಲೆಕ್ಕ, ಬಿಡಿಸಲು ಆರು ತಿಂಗಳ ನೋಟಿಸ್. ವಾಸ, ಅಂಗಡಿ, ಕಚೇರಿ, ಉಳಿದ ಯಾವುದೇ ಕೆಲಸಕ್ಕಾದರೂ ತಿಂಗಳ ಲೆಕ್ಕ, ಹದಿನೈದು ದಿನದ ನೋಟಿಸ್. ಇದು 106ನೇ ಕಲಂ. ಅವಧಿ ಮೀರಿ ಉಳಿದವರಿಗೂ 116ನೇ ಕಲಂ ಇದೇ ಅಳತೆಗೋಲನ್ನು ಹಿಡಿಯುತ್ತದೆ. ಹಳೇ ಕರಾರು ಐದು ವರ್ಷದ್ದಾಗಿರಲಿ, ಹನ್ನೊಂದು ತಿಂಗಳದ್ದಾಗಿರಲಿ, ಮನೆಯಾದರೆ ಮುಂದಿನದು ತಿಂಗಳ ಬಾಡಿಗೆಯೇ. ಬೇರೆ ಏನಾದರೂ ಒಪ್ಪಂದ ಇದ್ದರೆ ಮಾತ್ರ ಅದು ನಡೆಯುತ್ತದೆ. ಕಾಯ್ದೆಯ ಜೊತೆಗಿರುವ ಉದಾಹರಣೆಯೂ ಇಂಥದ್ದೇ: ಐದು ವರ್ಷಕ್ಕೆ ಕೊಟ್ಟ ಮನೆ, ಅದರಲ್ಲಿ ಒಳಬಾಡಿಗೆಗೆ ಇದ್ದವನು. ಐದು ವರ್ಷ ಮುಗಿದ ಮೇಲೂ ಅವನು ಅಲ್ಲೇ ಉಳಿದು ನೇರವಾಗಿ ಮಾಲೀಕನಿಗೆ ಬಾಡಿಗೆ ಕೊಡುತ್ತಾನೆ. ಅವನದು ತಿಂಗಳ ಬಾಡಿಗೆಯಾಗುತ್ತದೆ.

ಬಾಡಿಗೆ ಮೊತ್ತ, ರಿಪೇರಿ ಯಾರದು ಅನ್ನುವಂಥ ಹಳೇ ಷರತ್ತುಗಳು ತಿಂಗಳ ಬಾಡಿಗೆಗೆ ಹೊಂದುವಷ್ಟು ಮಟ್ಟಿಗೆ ಮುಂದುವರಿಯುತ್ತವೆ. ಹೋಗುವುದು ಅವಧಿಯ ಭದ್ರತೆ.

ಇನ್ನು ನಿಜವಾದ ತೊಡಕಿಗೆ ಬರೋಣ. ಸುಮ್ನೆ ಮನೆಯಲ್ಲಿ ಉಳಿದುಕೊಂಡರೆ ಸಾಕೇ? ಸಾಲದು. 1949ರಲ್ಲಿ ಆಗಿನ ಫೆಡರಲ್ ಕೋರ್ಟ್, ಕೈ ಖುಶ್ರೂ ಕಪಾಡಿಯಾ ಮೊಕದ್ದಮೆಯಲ್ಲಿ ಇದನ್ನು ಬಿಡಿಸಿ ಹೇಳಿತು. ಹೋಲ್ಡಿಂಗ್ ಓವರ್‌ನಿಂದ ಹುಟ್ಟುವುದು ಹೊಸ ಬಾಡಿಗೆ. ಹೊಸದು ಅಂದ ಮೇಲೆ ಎರಡೂ ಕಡೆಯ ಒಪ್ಪಿಗೆ ಬೇಕು. ಬಾಡಿಗೆದಾರ ಉಳಿದುಕೊಂಡು ಬಾಡಿಗೆ ಕೊಡುವುದು ಕೇಳಿಕೆ. ಮಾಲೀಕ ಅದನ್ನು ಬಾಡಿಗೆ ಅಂತಲೇ ತೆಗೆದುಕೊಳ್ಳುವುದು, ಅಥವಾ ಬೇರೆ ರೀತಿಯಲ್ಲಿ ಸಮ್ಮತಿ ತೋರಿಸುವುದು ಒಪ್ಪಿಗೆ. ಮಾಲೀಕ ಒಪ್ಪದೇ ಇದ್ದರೆ ಬಾಡಿಗೆದಾರನದು ಬರೀ ಸಹಿಸಿಕೊಂಡ ವಾಸ. ನ್ಯಾಯಾಲಯದ ಮಾತಲ್ಲಿ 'ಟೆನೆಂಟ್ ಅಟ್ ಸಫರೆನ್ಸ್'. ಅವನು ಬರುವಾಗ ನ್ಯಾಯವಾಗಿಯೇ ಬಂದವನು, ಈಗ ಉಳಿಯಲು ಹಕ್ಕಿಲ್ಲದವನು. ಅವಧಿ ಮುಗಿದೇ ಹೋಗಿರುವುದರಿಂದ ಅವನ ಬಾಡಿಗೆ ಕೊನೆಗೊಳಿಸಲು 106ನೇ ಕಲಮಿನ ನೋಟಿಸ್ ಬೇಕಾಗಿಲ್ಲ. ಹಾಗಂತ ಮಾಲೀಕನೇ ಬೀಗ ಒಡೆದು ಸಾಮಾನು ಹೊರಗೆ ಹಾಕುವಂತಿಲ್ಲ. ನ್ಯಾಯಾಲಯದ ಮೂಲಕವೇ ಬಿಡಿಸಬೇಕು.

ಹೊರಗಿನಿಂದ ನೋಡಿದರೆ ಈ ಎರಡೂ ಬಗೆಯ ಬಾಡಿಗೆದಾರರು ಒಂದೇ ಥರ ಕಾಣುತ್ತಾರೆ, ಅಲ್ವಾ? ಅದೇ ಮನೆ, ಅದೇ ಬೀಗದ ಕೈ, ತಿಂಗಳು ತಿಂಗಳು ಅದೇ ಹಣ. ವ್ಯತ್ಯಾಸ ಇರುವುದು ಹಣ ಯಾವ ಲೆಕ್ಕಕ್ಕೆ ಹೋಯಿತು ಅನ್ನುವುದರಲ್ಲಿ.

ಬಾಡಿಗೆ ನಿಯಂತ್ರಣ ಕಾಯ್ದೆಗಳು ಬಂದ ಮೇಲೆ ಇದು ಇನ್ನೂ ಸೂಕ್ಷ್ಮವಾಯಿತು. ಆ ಕಾಯ್ದೆಗಳ ಅಡಿಯಲ್ಲಿ ಅವಧಿ ಮುಗಿದರೂ ಮಾಲೀಕ ಸುಲಭವಾಗಿ ಬಿಡಿಸುವಂತಿರಲಿಲ್ಲ. ಹಾಗಿರುವಾಗ ಬಂದ ಹಣ ತೆಗೆದುಕೊಂಡ ಮಾತ್ರಕ್ಕೆ ಹೊಸ ಬಾಡಿಗೆಗೆ ಒಪ್ಪಿದ ಅಂತ ಹೇಳಲಾದೀತೇ? ಆಗದು ಅಂತ ಸುಪ್ರೀಂ ಕೋರ್ಟ್ 1961ರ ಗಂಗಾ ದತ್ತ ಮುರಾರ್ಕಾ ಮೊಕದ್ದಮೆಯಲ್ಲಿ ಹೇಳಿತು. 2005ರ ಶಾಂತಿ ಪ್ರಸಾದ್ ದೇವಿ ಮೊಕದ್ದಮೆಯಲ್ಲೂ ಅವಧಿ ಮುಗಿದ ನಂತರ ಬಾಡಿಗೆ ಪಡೆದದ್ದನ್ನೇ ಸಮ್ಮತಿ ಅಂತ ಕೋರ್ಟ್ ತಿಳಿಯಲಿಲ್ಲ. ಆ ಹಣದ ಸುತ್ತ ಏನು ನಡೆದಿತ್ತು ಅನ್ನುವುದೇ ಮುಖ್ಯ. ನನಗೆ ಇದು ಸರಿ ಅನ್ನಿಸುತ್ತದೆ. ಮನೆ ಬಿಡಿ ಅಂತ ಹೇಳುತ್ತಲೇ ಇರುವ ಮಾಲೀಕ, ಕೇಸು ಮುಗಿಯುವ ತನಕ ಹಣ ಮುಟ್ಟಬಾರದು ಅನ್ನುವುದು ಕಠಿಣ.

ನಮ್ಮ ಉದಾಹರಣೆಯ ಮಾಲೀಕನ ಸ್ಥಿತಿ ಬೇರೆ. ಅವನು ಬಿಡಿ ಅಂದಿರಲಿಲ್ಲ. ರಸೀದಿಯಲ್ಲಿ "ಬಾಡಿಗೆ" ಅಂತಲೇ ಬರೆದ. ಜುಲೈ, ಆಗಸ್ಟ್ ತಿಂಗಳಿಗೂ ಬರೆದ. ಇದು ತಿಂಗಳ ಬಾಡಿಗೆ ಅನ್ನದೆ ಬೇರೆ ದಾರಿ ಕಷ್ಟ. ಈಗ ಅವನಿಗೆ ಮನೆ ಬೇಕು. ನೋಟಿಸ್ ಬರೆಸಿದ. ಅದು ಬಾಡಿಗೆದಾರನ ಕೈ ಸೇರಿದ್ದು 2024ರ ಸೆಪ್ಟೆಂಬರ್ 20ಕ್ಕೆ.

ಹಳೇ ಕಾನೂನು ಇದ್ದಿದ್ದರೆ ಇಲ್ಲೇ ಎಡವುತ್ತಿದ್ದ. ಮೊದಲು 106ನೇ ಕಲಂ ಬರೀ ಹದಿನೈದು ದಿನ ಕೊಡಿ ಅಂತಷ್ಟೇ ಹೇಳುತ್ತಿರಲಿಲ್ಲ. ನೋಟಿಸಿನ ಗಡುವು ಬಾಡಿಗೆ ತಿಂಗಳ ಕೊನೆಯ ದಿನಕ್ಕೇ ಮುಗಿಯಬೇಕಿತ್ತು. ಸೆಪ್ಟೆಂಬರ್ 20ರಿಂದ 30ಕ್ಕೆ ಹತ್ತೇ ದಿನ. ಹಾಗಾಗಿ ಅಕ್ಟೋಬರ್ 31ಕ್ಕೆ ಬಿಡಿ ಅಂತ ಬರೆಯಬೇಕಿತ್ತು. "ಅಕ್ಟೋಬರ್ 10ಕ್ಕೆ ಬಿಡಿ" ಅಂತ ಬರೆದಿದ್ದರೆ ದಿನ ಹದಿನೈದಕ್ಕಿಂತ ಜಾಸ್ತಿ ಕೊಟ್ಟಿದ್ದರೂ ನೋಟಿಸ್ ಬಿದ್ದುಹೋಗುತ್ತಿತ್ತು. ಅದರ ಜೊತೆಗೆ ಕೇಸೂ.

ತಿಂಗಳ ಕೊನೆ ಯಾವುದು ಅನ್ನುವುದೂ ಜಗಳದ ಮಾತಾಗಿತ್ತು. 1932ರಲ್ಲಿ, ಆಗ ನಮ್ಮ ಕೇಸುಗಳಿಗೂ ಕೊನೇ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಂದೆ ಬಿನಯ್ ಕೃಷ್ಣ ದಾಸ್ ಮತ್ತು ಸಾಲ್ಸಿಚೋನಿ ಮೊಕದ್ದಮೆ ಬಂತು. 1921ರ ಜೂನ್ 1ರಿಂದ ನಾಲ್ಕು ವರ್ಷದ ಕರಾರು. ಮುಗಿದ ಮೇಲೂ ವಾಸ ಮುಂದುವರಿದಿತ್ತು. ತಿಂಗಳು ಮುಗಿಯುವುದು ತಿಂಗಳ ಕೊನೇ ದಿನಕ್ಕೋ, ಮುಂದಿನ ತಿಂಗಳ 1ಕ್ಕೋ? ಒಂದು ತಾರೀಖಿ'ನಿಂದ' ಅಂತ ಬರೆದಿದ್ದರೆ 110ನೇ ಕಲಂ ಪ್ರಕಾರ ಆ ದಿನವನ್ನು ಎಣಿಕೆಯಿಂದ ಬಿಡಬೇಕು. ಆದ್ದರಿಂದ 1ನೇ ತಾರೀಖಿಗೇ ತಿಂಗಳು ಮುಗಿಯುತ್ತದೆ ಅಂತ ತೀರ್ಮಾನವಾಯಿತು. ಒಂದೇ ಒಂದು ದಿನದ ಲೆಕ್ಕ! ಇಂಥ ಒಂದು ದಿನದ ತಪ್ಪಿಗೆ ವರ್ಷಗಟ್ಟಲೆ ನಡೆದ ಕೇಸು ಸೋತು, ಮತ್ತೆ ಹೊಸ ನೋಟಿಸಿನಿಂದ ಶುರು ಮಾಡಬೇಕಾಗುತ್ತಿತ್ತು. ಅದರಿಂದ ಯಾರಿಗೂ ನ್ಯಾಯ ಸಿಗುತ್ತಿರಲಿಲ್ಲ.

ಈ ಗಂಟನ್ನು ಬಿಚ್ಚಿದ್ದು 2002ರ ಡಿಸೆಂಬರ್ 31ರಿಂದ ಜಾರಿಗೆ ಬಂದ ತಿದ್ದುಪಡಿ. ನೋಟಿಸ್ ತಿಂಗಳ ಕೊನೆಗೇ ಮುಗಿಯಬೇಕು ಅನ್ನುವ ಮಾತು ತೆಗೆದುಹಾಕಲಾಯಿತು. ಹದಿನೈದು ದಿನ ನೋಟಿಸ್ ಕೈ ಸೇರಿದ ದಿನದಿಂದ ಶುರು. ನೋಟಿಸಿನಲ್ಲಿ ಕಡಿಮೆ ದಿನ ಬರೆದಿದ್ದರೂ, ಹದಿನೈದು ದಿನ ಕಳೆದ ಮೇಲೆ ಕೇಸು ಹಾಕಿದ್ದರೆ ಆ ಒಂದು ಕಾರಣಕ್ಕೆ ನೋಟಿಸ್ ಬೀಳುವುದಿಲ್ಲ. ಆದ್ದರಿಂದ ನಮ್ಮ ಮಾಲೀಕನ ಗಡುವು ಅಕ್ಟೋಬರ್ 5ರ ಹೊತ್ತಿಗೆ ತೀರುತ್ತದೆ. ಇಲ್ಲಿ ಬೇಕಾದ ಸಾಕ್ಷಿ ಒಂದೇ, ನೋಟಿಸ್ ತಲುಪಿದ ತಾರೀಖು. ಅಂಚೆಯ ಸ್ವೀಕೃತಿ ಚೀಟಿಯನ್ನು ಜೋಪಾನವಾಗಿ ಇಡುವುದು ಇದಕ್ಕೇ. ರಾಜ್ಯದ ಬಾಡಿಗೆ ಕಾಯ್ದೆ ಅನ್ವಯಿಸುವ ಮನೆಯಾದರೆ ಮಾತ್ರ ನೋಟಿಸ್ ಸಾಲದು. ಆ ಕಾಯ್ದೆ ಹೇಳುವ ಕಾರಣಗಳಲ್ಲಿ ಒಂದನ್ನು ಸಾಬೀತು ಮಾಡಬೇಕು.

ಇನ್ನೊಂದು ಗುಂಡಿ ಇದರ ನಂತರ ಇದೆ. ಗಡುವು ಮುಗಿದ ಮೇಲಿನ ದಿನಗಳಿಗೆ ಬಾಡಿಗೆದಾರ ಹಣ ತಂದ. ಮಾಲೀಕ ಅಭ್ಯಾಸಬಲದಿಂದ "ಅಕ್ಟೋಬರ್ ಬಾಡಿಗೆ" ಅಂತ ರಸೀದಿ ಬರೆದರೆ? 113ನೇ ಕಲಂ ಪ್ರಕಾರ ತಾನೇ ಕೊಟ್ಟ ನೋಟಿಸನ್ನು ತಾನೇ ಬಿಟ್ಟುಕೊಟ್ಟ ಅನ್ನುವ ವಾದಕ್ಕೆ ದಾರಿಯಾಗುತ್ತದೆ. ಕಾಯ್ದೆಯ ಉದಾಹರಣೆಯಲ್ಲೇ ಇದು ಇದೆ. ಬ್ಯಾಂಕ್ ಖಾತೆಗೆ ತಾನಾಗಿ ಬಂದು ಬೀಳುವ ಹಣದಲ್ಲೂ ಇದೇ ಅಪಾಯ. ಬಂದ ಕೂಡಲೇ, ಇದು ಬಾಡಿಗೆ ಅಲ್ಲ, ಮನೆ ಬಿಡದೆ ಬಳಸುತ್ತಿರುವುದಕ್ಕೆ ಪರಿಹಾರ, ನೋಟಿಸಿಗೆ ಧಕ್ಕೆ ಇಲ್ಲ ಅಂತ ಲಿಖಿತವಾಗಿ ತಿಳಿಸಬೇಕು. ಬಾಡಿಗೆದಾರನೂ ಅಷ್ಟೇ. ತಾನು ಕೊಟ್ಟದ್ದು ಯಾವ ತಿಂಗಳ ಬಾಡಿಗೆ ಅಂತ ರಸೀದಿಯಲ್ಲಿ ಬರೆಸಿಕೊಳ್ಳದಿದ್ದರೆ, ತನಗೆ ಹದಿನೈದು ದಿನದ ನೋಟಿಸಿನ ಹಕ್ಕಿದೆ ಅಂತ ತೋರಿಸಲು ಅವನ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ.

ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಇದನ್ನು ಬೇರೆ ಕಡೆ ತಿರುಗಿಸುತ್ತದೆ. ಅವಧಿ ಮುಗಿದು, ನವೀಕರಣವೂ ಆಗದೆ, ಮನೆಯನ್ನೂ ಬಿಡದಿದ್ದರೆ ಮೊದಲ ಎರಡು ತಿಂಗಳು ಎರಡು ಪಟ್ಟು ಬಾಡಿಗೆ, ಆಮೇಲೆ ನಾಲ್ಕು ಪಟ್ಟು. ಇದು ಪೂರ್ತಿ ಹೊಸ ಯೋಚನೆಯಲ್ಲ. ಇಂಗ್ಲೆಂಡಿನಲ್ಲಿ 1730ರಲ್ಲೇ, ಲಿಖಿತವಾಗಿ ಕೇಳಿದ ಮೇಲೂ ಬೇಕಂತಲೇ ಜಾಗ ಬಿಡದವನಿಗೆ ಎರಡು ಪಟ್ಟು ದಂಡ ಹಾಕುವ ಕಾನೂನು ಬಂದಿತ್ತು. ಆದರೆ ಮಾದರಿ ಕಾಯ್ದೆ ತಾನಾಗಿ ಜಾರಿಗೆ ಬರುವುದಿಲ್ಲ. ರಾಜ್ಯಗಳು ತಮ್ಮ ಕಾನೂನಿನಲ್ಲಿ ಅಳವಡಿಸಿಕೊಂಡರೆ ಮಾತ್ರ ಅದಕ್ಕೆ ಬಲ. ಅಲ್ಲಿಯವರೆಗೆ, ಬಾಡಿಗೆ ಕಾಯ್ದೆಯ ರಕ್ಷಣೆ ಇಲ್ಲದ ಮನೆಗಳಲ್ಲಿ, ಜೂನ್ ತಿಂಗಳ ಆ ರಸೀದಿಗೆ ಅರ್ಥ ಕೊಡುವುದು 1882ರ ಕಾಯ್ದೆಯೇ.