ಅಂತರ ಹಿಗ್ಗಿಸಿ ಪದ ಹೆಕ್ಕುವ ಸೂತ್ರ

ಎಕ್ಸೆಲ್‌ನ A2 ಸೆಲ್‌ನಲ್ಲಿ ‘ಮಳೆ ಬಂದು ಕೆರೆ ತುಂಬಿತು’ ಎಂಬ ವಾಕ್ಯವಿದೆ, ಅದರ ಮೂರನೆಯ ಪದ ಮಾತ್ರ ಪಕ್ಕದ ಸೆಲ್‌ಗೆ ಬೇಕು ಎಂದುಕೊಳ್ಳೋಣ. ಪಠ್ಯದ ನಡುವಿನ ತುಂಡನ್ನು ಕತ್ತರಿಸಿ ಕೊಡುವ MID ಎಂಬ ಫಂಕ್ಷನ್‌ಗೆ ಎಲ್ಲಿಂದ ಆರಂಭಿಸಬೇಕು, ಎಷ್ಟು ಅಕ್ಷರ ತೆಗೆಯಬೇಕು ಎಂಬ ಎರಡು ಸಂಖ್ಯೆಗಳನ್ನು ಕೊಡಬೇಕಾಗುತ್ತದೆ. ಆದರೆ ಪದಗಳ ಉದ್ದ ವಾಕ್ಯದಿಂದ ವಾಕ್ಯಕ್ಕೆ ಬದಲಾಗುವುದರಿಂದ ಆ ಸಂಖ್ಯೆಗಳು ನಮಗೆ ಮೊದಲೇ ತಿಳಿದಿರುವುದಿಲ್ಲ. ಈ ತೊಡಕಿಗೆ ಬಹುಕಾಲದಿಂದ ಬಳಕೆಯಲ್ಲಿರುವ ಪರಿಹಾರ ಇದು:

```
=TRIM(MID(SUBSTITUTE(A2," ",REPT(" ",100)),(3-1)*100+1,100))
```

ಇದನ್ನು ಒಳಗಿನಿಂದ ಹೊರಕ್ಕೆ ಓದಬೇಕು. REPT ನೂರು ಸ್ಪೇಸ್‌ಗಳ ಒಂದು ಸಾಲನ್ನು ತಯಾರಿಸುತ್ತದೆ. SUBSTITUTE ವಾಕ್ಯದಲ್ಲಿರುವ ಪ್ರತಿಯೊಂದು ಸ್ಪೇಸ್‌ನ ಜಾಗದಲ್ಲಿ ಆ ಸಾಲನ್ನು ಕೂರಿಸುತ್ತದೆ. ಈಗ ಪದಗಳ ನಡುವಿನ ಅಂತರ ಎಷ್ಟು ದೊಡ್ಡದಾಗಿದೆಯೆಂದರೆ, ಪದ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಕರಾರುವಾಕ್ಕಾಗಿ ತಿಳಿಯುವ ಅಗತ್ಯವೇ ಉಳಿಯುವುದಿಲ್ಲ. ನೂರು ನೂರು ಅಕ್ಷರಗಳ ತುಂಡು ಮಾಡುತ್ತ ಹೋದರೆ ಒಂದೊಂದು ತುಂಡಿನಲ್ಲಿ ಒಂದೊಂದು ಪದ ಬಂದು ಬೀಳುತ್ತದೆ, ಅದರ ಹಿಂದೆ ಮುಂದೆ ಉಳಿದ ಸ್ಪೇಸ್‌ಗಳನ್ನು TRIM ತೆಗೆದುಹಾಕುತ್ತದೆ.

ಎಣಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಎಕ್ಸೆಲ್ ಕನ್ನಡದ ಸ್ವರಚಿಹ್ನೆಯನ್ನೂ ಅನುಸ್ವಾರವನ್ನೂ ಪ್ರತ್ಯೇಕ ಅಕ್ಷರಗಳೆಂದೇ ಎಣಿಸುವುದರಿಂದ ‘ಮಳೆ’ಗೆ 3, ‘ಬಂದು’ವಿಗೆ 4, ‘ಕೆರೆ’ಗೆ 4, ‘ತುಂಬಿತು’ವಿಗೆ 7 ಎಂದಾಗುತ್ತದೆ. ಹಿಗ್ಗಿಸಿದ ವಾಕ್ಯದಲ್ಲಿ ‘ಕೆರೆ’ ಇರುವುದು 208ರಿಂದ 211ನೆಯ ಸ್ಥಾನದವರೆಗೆ. ನಮ್ಮ ಮೂರನೆಯ ತುಂಡು 201ರಿಂದ 300ರವರೆಗಿನದು. ಅದರಲ್ಲಿ ಮೊದಲು 7 ಸ್ಪೇಸ್, ಆಮೇಲೆ ‘ಕೆರೆ’, ಕೊನೆಗೆ 89 ಸ್ಪೇಸ್ ಸಿಗುತ್ತವೆ. ಮೊದಲಿನ ಆ 7 ಎಲ್ಲಿಂದ ಬಂತೆಂಬುದನ್ನು ಗಮನಿಸಬೇಕು: ಅದು ‘ಮಳೆ’ ಮತ್ತು ‘ಬಂದು’ ಪದಗಳ ಒಟ್ಟು ಉದ್ದ. ಪ್ರತಿಯೊಂದು ಪದವೂ ತನ್ನ ಹಿಂದಿನ ಎಲ್ಲ ಪದಗಳ ಉದ್ದದಷ್ಟು ಬಲಕ್ಕೆ ಸರಿದು ಕೂತಿರುತ್ತದೆ. ಆದ್ದರಿಂದ ಮೊದಲ ಪದದಿಂದ ಬೇಕಾದ ಪದದವರೆಗಿನ ಅಕ್ಷರಗಳ ಮೊತ್ತ ನಾವು ಆರಿಸಿದ ಅಂತರವನ್ನು ಮೀರದಿದ್ದರೆ ಉತ್ತರ ಸರಿಯಾಗಿರುತ್ತದೆ. ಇಡೀ ಸೂತ್ರ ನಿಂತಿರುವುದು ಈ ಒಂದು ನಿಯಮದ ಮೇಲೆ.

ನಿಯಮ ಮುರಿದಾಗ ಏನಾಗುತ್ತದೆ ಎಂಬುದನ್ನು ನೋಡಲು ಸೂತ್ರದಲ್ಲಿ 100ರ ಬದಲು ಎಲ್ಲ ಕಡೆ 10 ಎಂದು ಬರೆಯಿರಿ. ‘ಮಳೆ’, ‘ಬಂದು’ ಸರಿಯಾಗಿಯೇ ಬರುತ್ತವೆ. ಮೂರನೆಯ ಪದದವರೆಗಿನ ಮೊತ್ತ 11 ಆಗುವುದರಿಂದ ಅಲ್ಲಿ ‘ಕೆರ’ ಎಂದು ಬರುತ್ತದೆ. ಕಳಚಿಹೋದ ಎ-ಕಾರದ ಚಿಹ್ನೆ ನಾಲ್ಕನೆಯ ತುಂಡಿನಲ್ಲಿ ಒಂಟಿಯಾಗಿ ಸಿಗುತ್ತದೆ. ಎಕ್ಸೆಲ್ ಇದನ್ನು ತಪ್ಪೆಂದು ಎತ್ತಿ ತೋರಿಸುವುದಿಲ್ಲ ಎನ್ನುವುದೇ ಇಲ್ಲಿನ ನಿಜವಾದ ಅಪಾಯ. ಮೊದಲ ಕೆಲವು ಪದಗಳು ಸರಿಯಿವೆಯೆಂದು ನಂಬಿ ಕೂರದೆ, ಅತಿ ಉದ್ದದ ವಾಕ್ಯದ ಕೊನೆಯ ಪದವನ್ನೇ ಪರೀಕ್ಷಿಸಬೇಕು. 100 ಎಂದು ಊಹಿಸಿ ಬರೆಯುವುದಕ್ಕಿಂತ ವಾಕ್ಯದ ಉದ್ದವನ್ನೇ ಅಂತರವಾಗಿ ಬಳಸುವುದು ಕ್ಷೇಮ. ಪದದ ಕ್ರಮಸಂಖ್ಯೆ B2 ಸೆಲ್‌ನಲ್ಲಿದ್ದರೆ ಸೂತ್ರ ಹೀಗಾಗುತ್ತದೆ:

```
=TRIM(MID(SUBSTITUTE(TRIM(A2)," ",REPT(" ",LEN(A2))),(B2-1)*LEN(A2)+1,LEN(A2)))
```

ಇಲ್ಲಿ A2ಗೂ ಒಂದು TRIM ಹಾಕಿರುವುದಕ್ಕೆ ಕಾರಣವಿದೆ. ಟೈಪ್ ಮಾಡುವಾಗ ಎರಡು ಪದಗಳ ನಡುವೆ ಎರಡು ಸ್ಪೇಸ್ ಬಿದ್ದಿದ್ದರೆ ನಡುವೆ ಒಂದು ಖಾಲಿ ಪದ ಹುಟ್ಟಿಕೊಂಡು, ಮುಂದಿನ ಪದಗಳೆಲ್ಲ ಒಂದೊಂದು ಸ್ಥಾನ ಹಿಂದೆ ಬೀಳುತ್ತವೆ. ಒಳಗಿನ TRIM ಅಂಥ ಜೋಡಿ ಸ್ಪೇಸ್‌ಗಳನ್ನು ಒಂದಾಗಿಸುತ್ತದೆ. ಆದರೆ ಜಾಲತಾಣಗಳಿಂದ ನಕಲು ಮಾಡಿದ ಪಠ್ಯದಲ್ಲಿ ನೋಡಲು ಸ್ಪೇಸ್‌ನಂತೆಯೇ ಇದ್ದು, ಸಂಕೇತಸಂಖ್ಯೆ 160 ಆಗಿರುವ ಅಕ್ಷರ ಇರುವುದುಂಟು. ಅದು TRIMಗೂ ದಕ್ಕುವುದಿಲ್ಲ, ನಮ್ಮ SUBSTITUTEಗೂ ಸಿಗುವುದಿಲ್ಲ. ಎರಡು ಪದಗಳು ಅಂಟಿಕೊಂಡೇ ಹೊರಬಂದರೆ ಇದನ್ನೇ ಶಂಕಿಸಬೇಕು. ಆಗ ಸೂತ್ರದೊಳಗಿನ `TRIM(A2)` ಇರುವಲ್ಲಿ ಹೀಗೆ ಬರೆಯಬೇಕು:

```
TRIM(SUBSTITUTE(A2,UNICHAR(160)," "))
```

ಉದ್ದದ ಪಠ್ಯಕ್ಕೆ ಇನ್ನೊಂದು ಮಿತಿಯಿದೆ. ಎಕ್ಸೆಲ್‌ನಲ್ಲಿ ಪಠ್ಯವೊಂದು 32,767 ಅಕ್ಷರಗಳನ್ನು ಮೀರುವಂತಿಲ್ಲ. 80 ಪದಗಳ, 500 ಅಕ್ಷರಗಳ ಪ್ಯಾರಾಕ್ಕೆ LEN(A2)ಯನ್ನೇ ಅಂತರವಾಗಿ ಬಳಸಿದರೆ 79 ಸ್ಪೇಸ್‌ಗಳು ಹಿಗ್ಗಿ ಒಟ್ಟು ಉದ್ದ 39,921 ಆಗುತ್ತದೆ, ಸೆಲ್‌ನಲ್ಲಿ `#VALUE!` ಕಾಣಿಸುತ್ತದೆ. ಮೈಕ್ರೋಸಾಫ್ಟ್ 365 ಇರುವವರು ಇಂಥಲ್ಲಿ TEXTSPLIT ಬಳಸಬಹುದು. ಹಳೆಯ ಆವೃತ್ತಿಯಲ್ಲಿ ಕೆಲಸ ಮಾಡುವವರಿಗೆ ಮೇಲಿನ ನಿಯಮವೇ ದಾರಿ ತೋರಿಸುತ್ತದೆ: ಬೇಕಾದದ್ದು ಮೂರನೆಯ ಪದವಾದರೆ ಅಂತರವು ಮೊದಲ ಮೂರು ಪದಗಳ ಮೊತ್ತಕ್ಕೆ ಸಾಲುವಷ್ಟಿದ್ದರೆ ಸಾಕು, ಉಳಿದ 77 ಪದಗಳು ಲೆಕ್ಕಕ್ಕೆ ಬರುವುದಿಲ್ಲ. ಅದೇ ಪ್ಯಾರಾಕ್ಕೆ ಅಂತರವನ್ನು 100ಕ್ಕೆ ಇಳಿಸಿದರೆ ಒಟ್ಟು ಉದ್ದ 8,321ಕ್ಕೆ ನಿಲ್ಲುತ್ತದೆ, ಮೂರನೆಯ ಪದ ಅಖಂಡವಾಗಿ ಸಿಗುತ್ತದೆ.