ಕೊಕ್ಕರೆ ರೋಗವೆಂದು ನೀವೇ ತೀರ್ಮಾನಿಸಬೇಡಿ

ಹಿತ್ತಲಿನಲ್ಲಿ ಕೋಳಿ ಸಾಕುವವರು ಪಶುವೈದ್ಯರನ್ನು ಕರೆಸುವ ಹೊತ್ತಿಗೆ ಕಾಯಿಲೆಗೆ ಹೆಸರನ್ನೂ ಅವರೇ ಇಟ್ಟಾಗಿರುತ್ತದೆ. ‘ಕೊಕ್ಕರೆ ರೋಗ ಬಂದಿದೆ ಡಾಕ್ಟ್ರೇ, ಔಷಧಿ ಕೊಡಿ’ ಎನ್ನುತ್ತಾರೆ. ರಾಣಿಖೇತ್ ಎಂದೂ ಕರೆಯುವ ಆ ರೋಗವೇ ಆಗಿರಬಹುದು. ಆದರೆ ಅದನ್ನೂ ಹಕ್ಕಿಜ್ವರವನ್ನೂ ಬರಿಗಣ್ಣಿನಿಂದ ನೋಡಿ ಬೇರೆಬೇರೆಯೆಂದು ಹೇಳಲು ನನ್ನಿಂದಲೂ ಆಗುವುದಿಲ್ಲ. ಎರಡರಲ್ಲೂ ಹಸಿರು ಭೇದಿಯಾಗಬಹುದು, ಕತ್ತು ತಿರುಚಿಕೊಳ್ಳಬಹುದು, ಮೊಟ್ಟೆ ನಿಂತುಹೋಗಬಹುದು. ತಲೆ ಊದಿಕೊಂಡು ಜುಟ್ಟು ನೀಲಿಗಟ್ಟಿದ್ದರೆ, ಗರಿಯಿಲ್ಲದ ಕಾಲುಗಳ ಮೇಲೆ ರಕ್ತ ಒಸರಿದಂಥ ಕೆಂಪು ಕಲೆಗಳಿದ್ದರೆ ಹಕ್ಕಿಜ್ವರದ ಅನುಮಾನ ಬಲವಾಗುತ್ತದೆ, ನಿಜ. ಅವು ಕಾಣಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ಹಕ್ಕಿಜ್ವರ ತರುವ ತೀವ್ರ ಬಗೆಯ ಎಚ್5ಎನ್1 ವೈರಸ್ ತಗುಲಿದ ಕೋಳಿ ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರುವ ಮೊದಲೇ ಸತ್ತಿರುತ್ತದೆ.

ಒಬ್ಬ ಗೃಹಿಣಿಯ ಬಳಿ 14 ಕೋಳಿಗಳೂ 3 ಬಾತುಕೋಳಿಗಳೂ ಇದ್ದವು. ಸಂಜೆ ಚೆನ್ನಾಗಿಯೇ ಕಾಳು ತಿಂದಿದ್ದ ಎರಡು ಕೋಳಿಗಳು ಬೆಳಗ್ಗೆ ಗೂಡಿನಲ್ಲಿ ಸತ್ತು ಬಿದ್ದಿದ್ದಾಗ ಹಾವು ಕಚ್ಚಿರಬೇಕೆಂದು ಅವರು ಭಾವಿಸಿದರು. ಮರುದಿನ ಮತ್ತೆ ನಾಲ್ಕು ಸತ್ತವು. ಉಳಿದವನ್ನಾದರೂ ಕಾಪಾಡೋಣವೆಂದು, ಗಟ್ಟಿಮುಟ್ಟಾಗಿ ಕಂಡ ಎರಡನ್ನು ತಂಗಿಯ ಮನೆಗೆ ಕಳುಹಿಸಿದರು. ಸೋಂಕು ತಂಗಿಯ ಕೋಳಿಗೂಡಿಗೆ ಹೋದದ್ದು ಹಾಗೆ. ಬಾತುಕೋಳಿಗಳು ಆರಾಮವಾಗಿ ಓಡಾಡುತ್ತಿದ್ದುದರಿಂದ ಇದು ಅಂಟುರೋಗವಲ್ಲವೆಂದು ಅವರಿಗೆ ಅನ್ನಿಸಿತ್ತಂತೆ. ಬಾತುಕೋಳಿಗಳು ಕೆಲವೊಮ್ಮೆ ತಾವು ಕಾಯಿಲೆ ಬೀಳದೆಯೇ ಹಿಕ್ಕೆಯ ಮೂಲಕ ವೈರಸ್ಸನ್ನು ಹರಡುತ್ತವೆ. ಹಾಗಾಗಿ ಅವುಗಳ ಲವಲವಿಕೆಯನ್ನು ನಂಬಿ ಕೂರುವಂತಿಲ್ಲ. ಕಡೆಗೆ ನಾವು ಗಂಟಲಿನಿಂದಲೂ ಗುದದ್ವಾರದಿಂದಲೂ ಹತ್ತಿಯ ಕಡ್ಡಿಯಲ್ಲಿ ತೆಗೆದ ಮಾದರಿಗಳನ್ನು ಪ್ರಯೋಗಾಲಯದಲ್ಲಿ ಆರ್‌ಟಿ-ಪಿಸಿಆರ್ ಪರೀಕ್ಷೆಗೆ ಒಳಪಡಿಸಿದಾಗಲೇ ಹಕ್ಕಿಜ್ವರವೆಂದು ಖಚಿತವಾಯಿತು.

ಕೋಳಿಗಳು ಸತ್ತದ್ದನ್ನು ನಮಗೆ ತಿಳಿಸಿದರೆ ಇದ್ದಬದ್ದ ಕೋಳಿಗಳನ್ನೆಲ್ಲ ಕೊಂದುಬಿಡುತ್ತಾರೆಂಬ ಭಯವೇ ಈ ಮೌನಕ್ಕೆ ಕಾರಣವೆಂದು ನನಗೆ ಗೊತ್ತು, ಕೈಯಾರೆ ಸಾಕಿದವರ ಸಂಕಟವೂ ಅರ್ಥವಾಗುತ್ತದೆ. ರೋಗ ಖಚಿತವಾದರೆ ಉಳಿದ ಕೋಳಿಗಳನ್ನು ಕೊಲ್ಲಬೇಕಾಗುತ್ತದೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ತಿಳಿಸಿದ ಕೂಡಲೇ ನಡೆಯುವುದು ಪರೀಕ್ಷೆ. ಕೊಕ್ಕರೆ ರೋಗವೋ ವಿಷಪ್ರಾಶನವೋ ಎಂದು ಗೊತ್ತಾದರೆ ಅದಕ್ಕೆ ತಕ್ಕ ದಾರಿ ಬೇರೆಯೇ ಇದೆ. ಪರಿಹಾರದ ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾದರೂ, ಅನೇಕ ಕಡೆ ಪರಿಹಾರ ಸಿಗುವುದು ಅಧಿಕಾರಿಗಳು ಕೊಂದ ಕೋಳಿಗಳಿಗೆ, ಅದಕ್ಕೆ ಮೊದಲೇ ಸತ್ತವಕ್ಕಲ್ಲ. ಮುಚ್ಚಿಟ್ಟು ಕಾದಷ್ಟೂ ಆ ಲೆಕ್ಕ ಇಳಿಯುತ್ತ ಹೋಗುತ್ತದೆ.

ನಾವು ಬರುವವರೆಗೆ ಸತ್ತ ಕೋಳಿಯ ಪುಕ್ಕ ತರಿಯಬೇಡಿ, ಕೊಯ್ದು ನೋಡಬೇಡಿ, ಹಳ್ಳಕ್ಕೂ ಎಸೆಯಬೇಡಿ. ಹೊಸದಾಗಿ ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟದೆ, ನಾಯಿ ಕಾಗೆಗಳಿಗೆ ಸಿಗದಂತೆ ನೆರಳಿನಲ್ಲಿ ಮುಚ್ಚಿಡಿ, ಏಕೆಂದರೆ ಕೊಳೆತ ಕಳೇಬರದಿಂದ ಒಳ್ಳೆಯ ಮಾದರಿ ಸಿಗುವುದು ಕಷ್ಟ. ಉಳಿದವನ್ನು ಕೂಡಿಹಾಕಿ, ಕೈಗಳನ್ನು ಸೋಪಿನಿಂದ ತೊಳೆದುಕೊಳ್ಳಿ. ಮುಂದಿನ ಹತ್ತು ದಿನಗಳೊಳಗೆ ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಅಥವಾ ಕಣ್ಣುಕೆಂಪು ಕಾಣಿಸಿದರೆ, ಕೋಳಿಗಳು ಸತ್ತ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಿ. ನೀವಾಗಿ ಹೇಳದಿದ್ದರೆ ಅವರು ಅದನ್ನು ಕೇಳುವ ಸಂಭವ ಕಡಿಮೆ.